ಸಾಕುಪಕ್ಷಿಗಳಲ್ಲಿ ಮೊಟ್ಟೆ ಸಿಲುಕುವಿಕೆ

ಮೊಟ್ಟೆ ಸಿಲುಕುವಿಕೆ ಎಂಬುದು ಹೆಣ್ಣುಪಕ್ಷಿಯ ದೇಹದಲ್ಲಿ ರೂಪುಗೊಂಡ ಮೊಟ್ಟೆಯು ವಾಡಿಕೆಯ ಅವಧಿಯೊಳಗೆ ಹೊರಬಾರದೆ ಅಂಡನಾಳದಲ್ಲಿಯೇ ಉಳಿದುಬಿಡುವ ಸ್ಥಿತಿಯಾಗಿದೆ. ಇದು ಎಲ್ಲ ಜಾತಿಯ ಪಕ್ಷಿಗಳಲ್ಲಿಯೂ ಸಂಭವಿಸಬಹುದಾದರೂ ಪಂಜರದಲ್ಲಿ ಸಾಕುವ ಸಣ್ಣ ಪಕ್ಷಿಗಳಾದ ಕಾಕಟೀಲ್, ಬಜರಿಗರ್, ಲವ್‌ಬರ್ಡ್, ಕೆನರಿ ಮತ್ತು ಫಿಂಚ್‌ಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಮೊಟ್ಟೆ ಗಾತ್ರದಲ್ಲಿ ದೊಡ್ಡದಾದ್ದರಿಂದ ಸಿಕ್ಕಿಕೊಳ್ಳುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಬಹುಪಾಲು ಪ್ರಕರಣಗಳಲ್ಲಿ ಮೊಟ್ಟೆಯ ಗಾತ್ರ ಸರಿಯಾಗಿಯೇ ಇರುತ್ತದೆ; ಅದನ್ನು ಹೊರದೂಡಬೇಕಾದ ಸ್ನಾಯುಗಳಲ್ಲಿ ಶಕ್ತಿ ಇರುವುದಿಲ್ಲ. ಈ ದೌರ್ಬಲ್ಯದ ಮುಖ್ಯ ಕಾರಣ ಕ್ಯಾಲ್ಸಿಯಂ ಕೊರತೆ. ಸಕಾಲದಲ್ಲಿ ಗುರುತಿಸಿದರೆ ಗುಣವಾಗುವ ಈ ತೊಂದರೆ, ನಿರ್ಲಕ್ಷಿಸಿದಲ್ಲಿ ಸಣ್ಣ ಪಕ್ಷಿಗಳನ್ನು ಕೆಲವೇ ಗಂಟೆಗಳಲ್ಲಿ ಬಲಿ ತೆಗೆದುಕೊಳ್ಳಬಲ್ಲದು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ದೇಶೀಯ ಗಿಳಿಗಳನ್ನು ಸಾಕುವುದು ಅಪರಾಧ. ಆದ್ದರಿಂದ ಇಲ್ಲಿನ ಮನೆಗಳಲ್ಲಿ ಕಾಣುವ ಪಂಜರದ ಪಕ್ಷಿಗಳು ಹೆಚ್ಚಾಗಿ ಆಸ್ಟ್ರೇಲಿಯ ಹಾಗೂ ಆಫ್ರಿಕ ಮೂಲದವು. ಕರ್ನಾಟಕದ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಹಸಿರು, ನೀಲಿ, ಹಳದಿ ಬಣ್ಣದ ಪುಟ್ಟ ಹಕ್ಕಿಗಳು ಬಹುತೇಕ ಆಸ್ಟ್ರೇಲಿಯದ ಬಜರಿಗರ್‌ಗಳು. ನಿಜವಾದ ಲವ್‌ಬರ್ಡ್ ಆಫ್ರಿಕದ ಬೇರೆಯೇ ಪಕ್ಷಿ. ಈ ಲೇಖನದಲ್ಲಿ ಮುಖ್ಯವಾಗಿ ಕಾಕಟೀಲ್ ಪಕ್ಷಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ.

ಮೊಟ್ಟೆ ರೂಪುಗೊಳ್ಳುವ ಬಗೆ

ಹೆಚ್ಚಿನ ಪಕ್ಷಿಗಳಲ್ಲಿ ಎಡಭಾಗದ ಅಂಡಾಶಯ ಮತ್ತು ಅಂಡನಾಳ ಮಾತ್ರ ಪೂರ್ಣವಾಗಿ ಬೆಳೆದಿರುತ್ತವೆ. ಅಂಡಾಶಯದಿಂದ ಬಿಡುಗಡೆಯಾದ ಹಳದಿ ಭಂಡಾರವು ಅಂಡನಾಳದ ಬಾಯಿಯನ್ನು ಪ್ರವೇಶಿಸಿ, ಮುಂದೆ ಸಾಗುತ್ತ ಬಿಳಿಯ ಲೋಳೆಯನ್ನೂ ತೆಳುಪೊರೆಯನ್ನೂ ಪಡೆದುಕೊಂಡು, ಕೊನೆಗೆ ಚಿಪ್ಪುಗ್ರಂಥಿ ಎಂದು ಕರೆಯಲ್ಪಡುವ ಗರ್ಭಕೋಶದ ಭಾಗಕ್ಕೆ ಬರುತ್ತದೆ. ಕೋಳಿಯಲ್ಲಿ ಒಂದು ಮೊಟ್ಟೆ ತಯಾರಾಗಲು ಒಟ್ಟು ಸುಮಾರು 25 ಗಂಟೆಗಳು ಬೇಕು. ಅದರಲ್ಲಿ 20 ಗಂಟೆಗಳಷ್ಟು ಕಾಲ ಮೊಟ್ಟೆ ಈ ಚಿಪ್ಪುಗ್ರಂಥಿಯಲ್ಲಿಯೇ ಇರುತ್ತದೆ. ಚಿಪ್ಪು ಗಟ್ಟಿಯಾದ ನಂತರ ಗರ್ಭಕೋಶದ ಸ್ನಾಯುಗಳು ಸಂಕುಚಿಸಿ, ಅದರ ಕೆಳಗಿನ ಬಿಗಿಯಾದ ಸ್ನಾಯುಬಳೆ ಸಡಿಲಗೊಂಡು, ಮೊಟ್ಟೆಯು ಯೋನಿನಾಳ ಮತ್ತು ಕ್ಲೋಯೇಕಾಗಳ ಮೂಲಕ ಗುದದ್ವಾರದಿಂದ ಹೊರಬೀಳುತ್ತದೆ. ಮಲ, ಮೂತ್ರ, ಮೊಟ್ಟೆ ಮೂರಕ್ಕೂ ಕ್ಲೋಯೇಕಾ ಒಂದೇ ಹಾದಿ ಎಂಬುದನ್ನು ಮುಂದಿನ ಲಕ್ಷಣಗಳನ್ನು ಓದುವಾಗ ನೆನಪಿಡಬೇಕು.

ಹೊರದೂಡುವ ಈ ಕೊನೆಯ ಹಂತ ಆರೋಗ್ಯವಂತ ಪಕ್ಷಿಯಲ್ಲಿ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಗಿಯುತ್ತದೆ. ಕಾಕಟೀಲ್ ಮತ್ತು ಬಜರಿಗರ್‌ಗಳು ಸಾಮಾನ್ಯವಾಗಿ ದಿನ ಬಿಟ್ಟು ದಿನ ಒಂದು ಮೊಟ್ಟೆ ಇಡುತ್ತವೆ. ಕಾಕಟೀಲ್ ಒಂದು ಸರದಿಯಲ್ಲಿ ನಾಲ್ಕರಿಂದ ಏಳು ಮೊಟ್ಟೆಗಳನ್ನು ಇಡುತ್ತದೆ. ಮೊಟ್ಟೆ ಇಡಲು ಗಂಡುಪಕ್ಷಿ ಇರಲೇಬೇಕೆಂದಿಲ್ಲ. ಒಂಟಿಯಾಗಿ ಸಾಕಿದ ಹೆಣ್ಣು ಕೂಡ ಬಂಜೆಮೊಟ್ಟೆಗಳನ್ನು ಇಡುತ್ತದೆಯಾದ್ದರಿಂದ, ‘ಜೋಡಿ ಇಲ್ಲವಲ್ಲ, ಮೊಟ್ಟೆ ಎಲ್ಲಿಂದ?’ ಎಂಬ ನಂಬಿಕೆಯಿಂದ ರೋಗಲಕ್ಷಣವನ್ನು ತಪ್ಪಾಗಿ ಅರ್ಥೈಸಿ ಸಮಯ ಕಳೆಯುವುದುಂಟು.

ಕ್ಯಾಲ್ಸಿಯಂನ ಪಾತ್ರ

ಮೊಟ್ಟೆಯ ಚಿಪ್ಪು ಬಹುತೇಕ ಕ್ಯಾಲ್ಸಿಯಂ ಕಾರ್ಬೊನೇಟ್. ಒಂದು ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕೋಳಿಯ ಇಡೀ ದೇಹದಲ್ಲಿರುವುದು ಸುಮಾರು 20 ಗ್ರಾಂ. ಅಂದರೆ ಪ್ರತಿ ಮೊಟ್ಟೆಗೂ ಅದು ತನ್ನ ದೇಹದ ಕ್ಯಾಲ್ಸಿಯಂನ ಹತ್ತನೆಯ ಒಂದು ಪಾಲನ್ನು ಒಂದೇ ದಿನದಲ್ಲಿ ವೆಚ್ಚ ಮಾಡುತ್ತದೆ. ಚಿಪ್ಪಿನ ರಚನೆ ರಾತ್ರಿಯ ಹೊತ್ತಿನಲ್ಲಿಯೂ ನಡೆಯುವುದರಿಂದ ಆಗ ಆಹಾರದಿಂದ ಬರುವ ಪೂರೈಕೆ ನಿಂತಿರುತ್ತದೆ. ಇದಕ್ಕಾಗಿಯೇ ಹೆಣ್ಣುಪಕ್ಷಿಯು ಮೊಟ್ಟೆ ಇಡುವ ಮುನ್ನ ತನ್ನ ಉದ್ದಮೂಳೆಗಳ ಒಳಟೊಳ್ಳಿನಲ್ಲಿ ಮೆಡ್ಯುಲರಿ ಮೂಳೆ ಎಂಬ ತಾತ್ಕಾಲಿಕ ಮೂಳೆಯನ್ನು ಕಟ್ಟಿಕೊಂಡು ಅಲ್ಲಿ ಕ್ಯಾಲ್ಸಿಯಂ ಕೂಡಿಡುತ್ತದೆ. ಆಪತ್ಕಾಲಕ್ಕೆಂದು ಕಣಜದಲ್ಲಿ ಧಾನ್ಯ ತುಂಬಿದಂತೆ ಇದು. ಮೊದಲ ಒಂದೆರಡು ಮೊಟ್ಟೆಗಳು ಸಲೀಸಾಗಿ ಬಂದು ಮೂರನೆಯದೋ ಐದನೆಯದೋ ಸಿಲುಕಿಕೊಳ್ಳುವುದಕ್ಕೆ ಕಾರಣ, ಅಷ್ಟರಲ್ಲಿ ಈ ಕಣಜ ಬರಿದಾಗಿರುವುದು.

ಕ್ಯಾಲ್ಸಿಯಂಗೆ ಚಿಪ್ಪಿನ ಹೊರತಾಗಿ ಇನ್ನೊಂದು ಕೆಲಸವಿದೆ. ಸ್ನಾಯುಗಳು ಸಂಕುಚಿಸಬೇಕಾದರೆ ರಕ್ತದಲ್ಲಿ ಅಯಾನು ರೂಪದ ಕ್ಯಾಲ್ಸಿಯಂ ಸಾಕಷ್ಟಿರಬೇಕು. ಅದು ಕುಸಿದಾಗ ಗರ್ಭಕೋಶದ ಸ್ನಾಯು ಬಲವಿಲ್ಲದೆ ಜೋಲುತ್ತದೆ. ಹೀಗೆ ಒಂದೇ ಕೊರತೆ ಎರಡು ಕಡೆಯಿಂದ ಕೆಡುಕು ಮಾಡುತ್ತದೆ: ಚಿಪ್ಪು ತೆಳುವಾಗಿ ಅಥವಾ ಮೆತ್ತಗಾಗಿ ಸ್ನಾಯುವಿನ ಒತ್ತಡಕ್ಕೆ ಸರಿಯಾದ ಹಿಡಿತ ಸಿಗುವುದಿಲ್ಲ, ಒತ್ತಬೇಕಾದ ಸ್ನಾಯುವಿಗೂ ಕಸುವಿರುವುದಿಲ್ಲ. ಕರು ಹಾಕಿದ ಹಸುಗಳಲ್ಲಿ ಕ್ಯಾಲ್ಸಿಯಂ ಕುಸಿದು ಕಾಣಿಸಿಕೊಳ್ಳುವ ಹಾಲುಜ್ವರವನ್ನು ಬಲ್ಲವರಿಗೆ ಈ ಸ್ಥಿತಿ ಅರ್ಥವಾಗುವುದು ಸುಲಭ. ಅಲ್ಲಿ ಹಾಲಿಗೆ ಹರಿದುಹೋದದ್ದು ಇಲ್ಲಿ ಚಿಪ್ಪಿಗೆ ಹೋಗಿರುತ್ತದೆ.

ಈ ಕೊರತೆಯ ಮೂಲ ಬಹುಮಟ್ಟಿಗೆ ಕಾಳಿನ ಬಟ್ಟಲಿನಲ್ಲಿದೆ. ನೂರು ಗ್ರಾಂ ನವಣೆಯಲ್ಲಿರುವ ಕ್ಯಾಲ್ಸಿಯಂ ಸುಮಾರು 30 ಮಿಲಿಗ್ರಾಂ ಮಾತ್ರ. ಸೂರ್ಯಕಾಂತಿ ಬೀಜದಲ್ಲಿ ಸುಮಾರು 80 ಮಿಲಿಗ್ರಾಂ ಇದ್ದರೂ ರಂಜಕ ಅದರ ಎಂಟು ಪಟ್ಟಿಗೂ ಹೆಚ್ಚು. ರಂಜಕ ಅಧಿಕವಾದಷ್ಟೂ ಕರುಳಿನಲ್ಲಿ ಕ್ಯಾಲ್ಸಿಯಂ ಹೀರಿಕೆ ಕುಗ್ಗುತ್ತದೆ. ಪಕ್ಷಿಯ ಆಹಾರದಲ್ಲಿ ಕ್ಯಾಲ್ಸಿಯಂ ರಂಜಕಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಇರಬೇಕು. ಕಾಳುಗಳಲ್ಲಿ ಈ ಅನುಪಾತ ತಲೆಕೆಳಗಾಗಿರುತ್ತದೆ. ರಾಗಿ ಇದಕ್ಕೆ ಭಾಗಶಃ ಅಪವಾದ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಕಾಳಿನ ಮಿಶ್ರಣಕ್ಕೆ ಅದನ್ನು ಸೇರಿಸುವುದು ಒಳ್ಳೆಯದೇ. ಆದರೆ ಅದರಲ್ಲಿರುವ ಫೈಟೇಟ್ ಅಂಶ ಕ್ಯಾಲ್ಸಿಯಂನ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ರಾಗಿಯೊಂದನ್ನೇ ನೆಚ್ಚಿಕೊಂಡು ಮೊಟ್ಟೆಯಿಡುವ ಪಕ್ಷಿಯನ್ನು ಸಾಕಲಾಗದು.

ತಿಂದ ಕ್ಯಾಲ್ಸಿಯಂ ರಕ್ತಕ್ಕೆ ಸೇರಲು ಡಿ3 ಜೀವಸತ್ವ ಬೇಕು. ಸೂರ್ಯನ ಬಿಸಿಲಿನಲ್ಲಿರುವ ಅತಿನೇರಳೆ-ಬಿ ಕಿರಣಗಳಿಂದ ಪಕ್ಷಿಯ ದೇಹವೇ ಅದನ್ನು ತಯಾರಿಸಿಕೊಳ್ಳಬಲ್ಲದು. ಆದರೆ ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುತ್ತದೆ. ಪಂಜರವನ್ನು ಗಾಜಿನ ಕಿಟಕಿಯ ಬಳಿ ಇಟ್ಟು ‘ದಿನವೂ ಬಿಸಿಲು ಬೀಳುತ್ತದೆ’ ಎಂದು ಸಮಾಧಾನಪಡುವುದರಲ್ಲಿ ಅರ್ಥವಿಲ್ಲ. ಬೆಳಕು ಬೀಳುತ್ತದೆ, ಬೇಕಾದ ಕಿರಣ ಬೀಳುವುದಿಲ್ಲ.

ರಕ್ತಪರೀಕ್ಷೆಯನ್ನು ಓದುವಾಗ ಆಗುವ ತಪ್ಪು

ಕ್ಯಾಲ್ಸಿಯಂ ಸ್ಥಿತಿಯನ್ನು ತಿಳಿಯಲು ರಕ್ತಪರೀಕ್ಷೆ ಮಾಡಿಸುವುದು ಸಹಜ. ಆದರೆ ಮೊಟ್ಟೆಯಿಡುವ ಪಕ್ಷಿಯ ವರದಿಯನ್ನು ಇತರ ಪಕ್ಷಿಗಳ ವರದಿಯಂತೆ ಓದಬಾರದು. ಸಾಮಾನ್ಯ ಕಾಲದಲ್ಲಿ ಗಿಳಿ ಜಾತಿಯ ಪಕ್ಷಿಗಳ ರಕ್ತದಲ್ಲಿ ಒಟ್ಟು ಕ್ಯಾಲ್ಸಿಯಂ ಪ್ರತಿ ಡೆಸಿಲೀಟರ್‌ಗೆ ಸುಮಾರು 8ರಿಂದ 11 ಮಿಲಿಗ್ರಾಂ ಇರುತ್ತದೆ. ಮೊಟ್ಟೆ ಕಟ್ಟುವ ಸಮಯ ಬಂದಾಗ ಈಸ್ಟ್ರೋಜನ್ ಪ್ರಭಾವದಿಂದ ಯಕೃತ್ತು ಹಳದಿ ಭಂಡಾರಕ್ಕೆ ಬೇಕಾದ ಪ್ರೋಟೀನುಗಳನ್ನು ರಕ್ತಕ್ಕೆ ಬಿಡುತ್ತದೆ. ಇವು ಕ್ಯಾಲ್ಸಿಯಂ ಅನ್ನು ತಮ್ಮೊಡನೆ ಹೊತ್ತು ಸಾಗುತ್ತವೆ. ಪರಿಣಾಮವಾಗಿ ಒಟ್ಟು ಕ್ಯಾಲ್ಸಿಯಂ 20 ಮಿಲಿಗ್ರಾಂ ದಾಟುವುದೂ ಉಂಟು, ಅದು ರೋಗವಲ್ಲ.

ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಮೊದಲನೆಯದಾಗಿ, ಹೊಟ್ಟೆಯಲ್ಲಿ ಮೊಟ್ಟೆ ಇರುವಾಗ ವರದಿಯಲ್ಲಿ 9 ಅಥವಾ 10 ಎಂಬ ‘ಸರಿಯಾದ’ ಅಂಕಿ ಬಂದರೆ ಅದು ಕೊರತೆಯ ಸೂಚನೆಯಾಗಿರುವ ಸಂಭವ ಹೆಚ್ಚು. ಎರಡನೆಯದಾಗಿ, ಒಟ್ಟು ಅಂಕಿ ಎಷ್ಟೇ ಹೆಚ್ಚಿದ್ದರೂ ಪ್ರೋಟೀನಿಗೆ ಅಂಟಿಕೊಂಡ ಕ್ಯಾಲ್ಸಿಯಂ ಸ್ನಾಯುವಿನ ಉಪಯೋಗಕ್ಕೆ ಬರುವುದಿಲ್ಲ. ಸ್ನಾಯುವಿಗೆ ದೊರಕುವುದು ಅಯಾನು ರೂಪದ ಭಾಗ ಮಾತ್ರ. ಆದ್ದರಿಂದ ಸೌಲಭ್ಯವಿರುವ ಕಡೆ ಅಯಾನು ಕ್ಯಾಲ್ಸಿಯಂ ಅನ್ನೇ ಅಳೆಯುವುದು ವಾಡಿಕೆ. ಇಲ್ಲದಿದ್ದಲ್ಲಿ ಅನುಭವಿ ವೈದ್ಯರು ಅಂಕಿಗಾಗಿ ಕಾಯದೆ, ಆಹಾರದ ವಿವರ, ಹಿಂದಿನ ಮೊಟ್ಟೆಗಳ ಚಿಪ್ಪಿನ ಗುಣ ಮತ್ತು ಕ್ಷ-ಕಿರಣ ಚಿತ್ರದಲ್ಲಿ ಕಾಣುವ ಮೂಳೆಗಳ ಸಾಂದ್ರತೆಯಿಂದ ತೀರ್ಮಾನಕ್ಕೆ ಬರುತ್ತಾರೆ. ಮೊಟ್ಟೆಯಿಡುವ ಹೊತ್ತಿನಲ್ಲಿ ಉದ್ದಮೂಳೆಗಳು ಚಿತ್ರದಲ್ಲಿ ದಟ್ಟ ಬೆಳ್ಳಗೆ ಕಾಣಬೇಕು; ಪೇಲವವಾಗಿ ಕಂಡರೆ ಸಂಗ್ರಹ ಮುಗಿದಿದೆ ಎಂದರ್ಥ.

ಇತರ ಕಾರಣಗಳು

ಕ್ಯಾಲ್ಸಿಯಂ ಕೊರತೆಯಿಲ್ಲದೆಯೂ ಮೊಟ್ಟೆ ಸಿಲುಕಬಹುದು. ತೀರ ಎಳೆಯ ವಯಸ್ಸಿನ ಮೊದಲ ಮೊಟ್ಟೆ, ಮುದಿತನ, ಬೊಜ್ಜು, ಸದಾ ಚಿಕ್ಕ ಪಂಜರದಲ್ಲಿದ್ದು ಹಾರಾಟವಿಲ್ಲದೆ ಸ್ನಾಯುಗಳು ಸೊರಗಿರುವುದು, ಚಳಿಗೆ ಒಡ್ಡಿಕೊಳ್ಳುವುದು, ಅಂಡನಾಳದ ಸೋಂಕು, ವಿಕಾರ ಆಕಾರದ ಮೊಟ್ಟೆ, ಹಿಂದಿನ ಗಾಯದಿಂದ ಶ್ರೋಣಿಮೂಳೆಯ ಹಾದಿ ಕಿರಿದಾಗಿರುವುದು ಇವುಗಳಲ್ಲಿ ಸೇರಿವೆ. ಹಾದಿಯೇ ಮುಚ್ಚಿರುವ ಇಂತಹ ತಡೆಗಳನ್ನು ಬೇರ್ಪಡಿಸಿ ನೋಡುವುದು ಮುಖ್ಯ. ಸ್ನಾಯುವಿಗೆ ಬಲ ಕೊಡುವ ಔಷಧಿ ಅಲ್ಲಿ ಉಪಕಾರದ ಬದಲು ಅಪಾಯ ಮಾಡುತ್ತದೆ.

ಲಕ್ಷಣಗಳು

ಮೊಟ್ಟೆಯಿಡುವ ಒಂದೆರಡು ದಿನ ಮುಂಚೆ ಹೆಣ್ಣುಪಕ್ಷಿಯ ಹೊಟ್ಟೆಯ ಕೆಳಭಾಗ ತುಂಬಿಕೊಳ್ಳುವುದು, ಹಿಕ್ಕೆ ಎಂದಿಗಿಂತ ದೊಡ್ಡದಾಗಿ, ದುರ್ವಾಸನೆಯಿಂದ ಕೂಡಿ, ಕಡಿಮೆ ಬಾರಿ ಬೀಳುವುದು ಸಹಜ. ಇದು ರೋಗವಲ್ಲ. ಪಕ್ಷಿ ಚುರುಕಾಗಿದ್ದು ತಿನ್ನುತ್ತಿದ್ದರೆ ಅದನ್ನು ಸುಮ್ಮನೆ ಬಿಡುವುದೇ ಸರಿ.

ತೊಂದರೆಯ ಮೊದಲ ಸೂಚನೆ ಹೆಚ್ಚಾಗಿ ಹೊಟ್ಟೆಯಲ್ಲಿ ಅಲ್ಲ, ನಡವಳಿಕೆಯಲ್ಲಿ ಕಾಣುತ್ತದೆ. ಪಕ್ಷಿ ಪುಕ್ಕಗಳನ್ನು ಉಬ್ಬಿಸಿಕೊಂಡು ಕಣ್ಣು ಅರೆಮುಚ್ಚಿ ಕೂರುತ್ತದೆ. ಕೂರುವ ಕೋಲನ್ನು ಬಿಟ್ಟು ಪಂಜರದ ತಳಕ್ಕೆ ಇಳಿಯುತ್ತದೆ. ಕಾಲುಗಳನ್ನು ಅಗಲಿಸಿ, ಬೆನ್ನು ನೆಟ್ಟಗೆ ಮಾಡಿ, ಪೆಂಗ್ವಿನ್ ಹಕ್ಕಿಯ ಹಾಗೆ ನಿಲ್ಲುತ್ತದೆ. ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತದೆ. ಆಗಾಗ ಮುಕ್ಕುತ್ತದೆ. ಕ್ಲೋಯೇಕಾ ಮೊಟ್ಟೆಯ ಒತ್ತಡಕ್ಕೆ ಸಿಕ್ಕುವುದರಿಂದ ಹಿಕ್ಕೆ ಕಡಿಮೆಯಾಗುತ್ತದೆ ಅಥವಾ ಪೂರ್ತಿ ನಿಲ್ಲುತ್ತದೆ.

ಒತ್ತಡ ಇನ್ನೂ ಹೆಚ್ಚಿದಾಗ ಅಕ್ಕಪಕ್ಕದ ಅಂಗಗಳು ತೊಂದರೆಗೀಡಾಗುತ್ತವೆ. ಕಾಲುಗಳಿಗೆ ಹೋಗುವ ನರಗಳು ಶ್ರೋಣಿಯ ಮೂಲಕವೇ ಹಾಯುವುದರಿಂದ ಒಂದು ಅಥವಾ ಎರಡೂ ಕಾಲುಗಳು ಸ್ವಾಧೀನ ತಪ್ಪುತ್ತವೆ. ಇದನ್ನು ಮೂಳೆ ಮುರಿತವೆಂದು ಭಾವಿಸಿ ಕಾಲಿಗೆ ಪಟ್ಟಿ ಕಟ್ಟಿಸುವುದು ಆಗಾಗ ನಡೆಯುವ ತಪ್ಪು. ಮೂತ್ರಪಿಂಡಗಳೂ ಅದೇ ಜಾಗದಲ್ಲಿರುವುದರಿಂದ ಅವುಗಳ ಕಾರ್ಯ ಕುಂಠಿತಗೊಳ್ಳುತ್ತದೆ. ಪಕ್ಷಿಗಳಲ್ಲಿ ಗಾಳಿಚೀಲಗಳು ಹೊಟ್ಟೆಯವರೆಗೂ ಚಾಚಿರುವ ಕಾರಣ ಉಸಿರಾಟಕ್ಕೆ ಅಡ್ಡಿಯುಂಟಾಗಿ ಪಕ್ಷಿ ಬಾಯಿ ತೆರೆದು ಉಸಿರಾಡತೊಡಗುತ್ತದೆ.

ಹೊಟ್ಟೆಯನ್ನು ಮುಟ್ಟಿದಾಗ ಗಟ್ಟಿ ಉಂಡೆ ಸಿಗದಿದ್ದರೆ ಮೊಟ್ಟೆ ಇಲ್ಲವೆಂದು ಹೇಳಲಾಗದು. ಚಿಪ್ಪು ಕಟ್ಟದ ಮೆತ್ತನೆಯ ಮೊಟ್ಟೆ ಕೈಗೂ ಸಿಗುವುದಿಲ್ಲ, ಕ್ಷ-ಕಿರಣ ಚಿತ್ರದಲ್ಲಿಯೂ ಸ್ಪಷ್ಟವಾಗುವುದಿಲ್ಲ; ಅದಕ್ಕೆ ಅಲ್ಟ್ರಾಸೌಂಡ್ ಬೇಕಾಗುತ್ತದೆ. ಇದೇ ರೀತಿ ಗಡ್ಡೆ, ಹೊಟ್ಟೆಯಲ್ಲಿ ನೀರು ತುಂಬುವುದು, ಹರ್ನಿಯಾ, ಹಳದಿ ಭಂಡಾರ ಹೊಟ್ಟೆಯೊಳಗೆ ಸೋರಿ ಉಂಟಾದ ಉರಿಯೂತ ಇವೂ ಹೊಟ್ಟೆಯನ್ನು ಉಬ್ಬಿಸುತ್ತವೆ.

ತುರ್ತು ಯಾವಾಗ

‘ಎಷ್ಟು ಗಂಟೆ ಕಾಯಬಹುದು?’ ಎಂಬುದು ಸಾಕುವವರ ಮೊದಲ ಪ್ರಶ್ನೆ. ಗಡಿಯಾರಕ್ಕಿಂತ ಪಕ್ಷಿಯ ಸ್ಥಿತಿಯನ್ನು ನೋಡಿ ಇದಕ್ಕೆ ಉತ್ತರ ಕಂಡುಕೊಳ್ಳುವುದು ಸೂಕ್ತ. ಮೊಟ್ಟೆ ಒಂದು ದಿನ ತಡವಾಗಿದ್ದರೂ ಪಕ್ಷಿ ಕೋಲಿನ ಮೇಲೆ ಕುಳಿತು, ತಿಂದು, ಸದ್ದು ಮಾಡುತ್ತ, ಹಿಕ್ಕೆ ಹಾಕುತ್ತಿದ್ದರೆ ಬೆಚ್ಚಗಿಟ್ಟು ಕಾಯುತ್ತ, ವೈದ್ಯರನ್ನು ದೂರವಾಣಿಯಲ್ಲಿ ಸಂಪರ್ಕಿಸಲು ಅವಕಾಶವಿದೆ. ಅದೇ ಪಕ್ಷಿ ಪುಕ್ಕ ಉಬ್ಬಿಸಿ ತಳದಲ್ಲಿ ಕುಳಿತು ಮುಕ್ಕುತ್ತಿದ್ದರೆ, ಮುಕ್ಕಲು ಆರಂಭಿಸಿ ಎರಡೇ ಗಂಟೆಯಾಗಿದ್ದರೂ ಅದೇ ದಿನ ಚಿಕಿತ್ಸೆ ಆಗಬೇಕು.

ಬಾಯಿ ತೆರೆದು ಉಸಿರಾಡುವುದು, ಕಾಲು ಸ್ವಾಧೀನ ತಪ್ಪುವುದು, ಗುದದ್ವಾರದಿಂದ ರಕ್ತ ಬರುವುದು, ಕೆಂಪು ಮಾಂಸದಂತಹ ಭಾಗ ಹೊರಚಾಚುವುದು, ನಿಲ್ಲಲಾರದೆ ಒರಗುವುದು ಅಥವಾ ನಡುಕ ಇವುಗಳಲ್ಲಿ ಒಂದು ಕಂಡರೂ ಕಾಯುವ ಪ್ರಶ್ನೆಯೇ ಇಲ್ಲ. ರಾತ್ರಿಯಾದರೂ ಹೊರಡಬೇಕು. ಸುಮಾರು 12 ಗ್ರಾಂ ತೂಗುವ ಝೀಬ್ರಾ ಫಿಂಚ್ ಅಥವಾ 35 ಗ್ರಾಂ ಆಸುಪಾಸಿನ ಬಜರಿಗರ್‌ನಲ್ಲಿ ದೇಹದ ಶಕ್ತಿಸಂಗ್ರಹ ಅಲ್ಪವಾದ್ದರಿಂದ ಬೆಳಿಗ್ಗೆ ಮಂಕಾದ ಪಕ್ಷಿ ಸಂಜೆಗೆ ಉಳಿಯದಿರಬಹುದು. ದೊಡ್ಡ ಗಿಳಿಗಳಿಗೆ ತುಸು ಹೆಚ್ಚು ಕಾಲಾವಕಾಶವಿರುತ್ತದೆ. ಪಕ್ಷಿಗಳು ತಮ್ಮ ಅಸ್ವಾಸ್ಥ್ಯವನ್ನು ಕೊನೆಯವರೆಗೂ ಮರೆಮಾಚುತ್ತವೆ ಎಂಬುದನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಣ್ಣಿಗೆ ಕಾಣುವಷ್ಟು ಮಂಕಾಗಿದೆಯೆಂದರೆ ಆಗಲೇ ತಡವಾಗಿದೆ.

ವೈದ್ಯರಲ್ಲಿಗೆ ಹೋಗುವವರೆಗೆ

ಮನೆಯಲ್ಲಿ ಮಾಡಬಹುದಾದ ಉಪಕಾರ ಬೆಚ್ಚಗಿಡುವುದು. ಸಣ್ಣ ಪಂಜರ ಅಥವಾ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ, ಒಂದು ಬದಿಯಲ್ಲಿ ಮಾತ್ರ ಬಟ್ಟೆ ಸುತ್ತಿದ ಬಿಸಿನೀರಿನ ಶೀಶೆ ಇಟ್ಟು ಒಳಗಿನ ಉಷ್ಣತೆಯನ್ನು 29ರಿಂದ 32 ಡಿಗ್ರಿ ಸೆಲ್ಸಿಯಸ್‌ನಷ್ಟು ಇಡಲಾಗುತ್ತದೆ. ಶಾಖ ಒಂದೇ ಬದಿಯಲ್ಲಿದ್ದರೆ ಹೆಚ್ಚಾದಾಗ ಪಕ್ಷಿ ಸರಿದುಕೊಳ್ಳಬಹುದು. ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ಏದುಸಿರು ಬಿಟ್ಟರೆ ಶಾಖ ಅತಿಯಾಗಿದೆ ಎಂದು ತಿಳಿಯಬೇಕು. ಒದ್ದೆ ಬಟ್ಟೆಯೊಂದನ್ನು ಶಾಖದ ಬಳಿ ಇಟ್ಟರೆ ಗಾಳಿಯಲ್ಲಿ ತೇವಾಂಶ ನಿಲ್ಲುತ್ತದೆ. ಮಬ್ಬು ಬೆಳಕು, ನಿಶ್ಶಬ್ದ, ಕೈಗೆಟುಕುವಂತೆ ನೀರು ಮತ್ತು ಆಹಾರ ಇರಬೇಕು.

ಮಾಡಬಾರದ ಕೆಲಸಗಳಲ್ಲಿ ಮೊದಲನೆಯದು ಹೊಟ್ಟೆಯನ್ನು ಒತ್ತಿ ಮೊಟ್ಟೆಯನ್ನು ಹೊರತೆಗೆಯಲು ಪ್ರಯತ್ನಿಸುವುದು. ಸ್ನಾಯುಬಳೆ ಸಡಿಲವಾಗದೆ ಒತ್ತಿದರೆ ಮೊಟ್ಟೆ ಒಳಗೆ ಒಡೆಯುತ್ತದೆ, ಚಿಪ್ಪಿನ ಚೂರು ಅಂಡನಾಳವನ್ನು ಸೀಳುತ್ತದೆ, ಅಥವಾ ಅಂಡನಾಳವೇ ಹೊರಗೆ ಮಗುಚಿಕೊಳ್ಳುತ್ತದೆ. ಗುದದ್ವಾರಕ್ಕೆ ಎಣ್ಣೆ ಬಿಡುವುದು ಹಳೆಯ ರೂಢಿ. ಮೊಟ್ಟೆ ಇನ್ನೂ ಮೇಲೆ ಗರ್ಭಕೋಶದಲ್ಲಿರುವುದರಿಂದ ಎಣ್ಣೆ ಅಲ್ಲಿಗೆ ತಲುಪುವುದೇ ಇಲ್ಲ. ಪುಕ್ಕಗಳಿಗೆ ಹತ್ತಿ ಮೈ ತಣ್ಣಗಾಗಿಸುತ್ತದೆ ಅಷ್ಟೆ. ಮಂಕಾದ ಪಕ್ಷಿಯ ಬಾಯಿಗೆ ನೀರು ಅಥವಾ ಕ್ಯಾಲ್ಸಿಯಂ ಟಾನಿಕ್ ಸುರಿದರೆ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಕ್ಯಾಲ್ಸಿಯಂ ಎಂದು ಎಲೆಅಡಿಕೆಯ ಸುಣ್ಣವನ್ನು ಕೊಡಲೇಬಾರದು. ಅದು ತೀಕ್ಷ್ಣ ಕ್ಷಾರ. ಬಾಯಿ ಮತ್ತು ಅನ್ನನಾಳವನ್ನು ಸುಡುತ್ತದೆ.

ಚಿಕಿತ್ಸೆ

ವೈದ್ಯರು ಮೊದಲು ಪಕ್ಷಿಯನ್ನು ಸುಸ್ಥಿತಿಗೆ ತರುತ್ತಾರೆ, ಆ ಮೇಲೆ ಮೊಟ್ಟೆಯ ಕಡೆ ಗಮನ ಕೊಡುತ್ತಾರೆ. ಬೆಚ್ಚನೆಯ ಪೆಟ್ಟಿಗೆ, ಅಗತ್ಯವಿದ್ದರೆ ಆಮ್ಲಜನಕ, ಚರ್ಮದಡಿಗೆ ಬೆಚ್ಚಗಿನ ದ್ರಾವಣ, ನೋವುಶಾಮಕ ಮತ್ತು ಕ್ಯಾಲ್ಸಿಯಂ ಗ್ಲುಕೋನೇಟ್ ಚುಚ್ಚುಮದ್ದು ಮೊದಲ ಹಂತದಲ್ಲಿ ಬರುತ್ತವೆ. ಎಷ್ಟೋ ಪಕ್ಷಿಗಳು ಇಷ್ಟರಿಂದಲೇ ಕೆಲವು ಗಂಟೆಗಳಲ್ಲಿ ಮೊಟ್ಟೆ ಇಡುತ್ತವೆ.

ಹಾಗಾಗದಿದ್ದರೆ ಮಹಿಳೆಯರ ಹೆರಿಗೆಯಲ್ಲಿಯೂ ಬಳಸುವ ಪ್ರೊಸ್ಟಗ್ಲಾಂಡಿನ್ ಇ2 ಲೇಪವನ್ನು ಕ್ಲೋಯೇಕಾದ ಒಳಗೆ ಸ್ನಾಯುಬಳೆಯ ಬಳಿ ಹಚ್ಚಲಾಗುತ್ತದೆ. ಇದು ಸ್ನಾಯುಬಳೆಯನ್ನು ಸಡಿಲಿಸಿ ಗರ್ಭಕೋಶವನ್ನು ಸಂಕುಚಿಸುತ್ತದೆ. ಆಕ್ಸಿಟೋಸಿನ್ ಚುಚ್ಚುಮದ್ದು ಗರ್ಭಕೋಶವನ್ನು ಸಂಕುಚಿಸುತ್ತದೆ, ಆದರೆ ಸ್ನಾಯುಬಳೆಯನ್ನು ಸಡಿಲಿಸುವುದಿಲ್ಲ. ಮುಚ್ಚಿದ ಬಾಗಿಲಿನ ಮೇಲೆ ಒಳಗಿನಿಂದ ಒತ್ತಡ ಹಾಕಿದಂತಾಗಿ ಅಂಡನಾಳ ಹರಿಯುವ ಸಂಭವವಿರುತ್ತದೆ. ಹಾಲು ಕರೆಯುವ ಹಸುಗಳಿಗೆ ಬಳಕೆಯಾಗಿ ಪರಿಚಿತವಾಗಿರುವ ಔಷಧಿ ಎಂಬ ಕಾರಣಕ್ಕೆ ಅದನ್ನು ಮನೆಯಲ್ಲಿ ಪ್ರಯೋಗಿಸುವುದು ಪಕ್ಷಿಗೆ ಮಾರಕ. ಹಾದಿಯಲ್ಲಿ ತಡೆಯಿಲ್ಲವೆಂದು ಖಚಿತವಾಗದೆ, ಕ್ಯಾಲ್ಸಿಯಂ ಕೊಡದೆ ವೈದ್ಯರೂ ಅದನ್ನು ಬಳಸುವುದಿಲ್ಲ.

ಔಷಧಿಗೆ ಬಗ್ಗದಿದ್ದಾಗ ಅಥವಾ ಪಕ್ಷಿ ಕಾಯುವ ಸ್ಥಿತಿಯಲ್ಲಿ ಇಲ್ಲದಿದ್ದಾಗ ಅರಿವಳಿಕೆ ಕೊಟ್ಟು, ಕ್ಲೋಯೇಕಾದ ಮೂಲಕ ಮೊಟ್ಟೆಯ ತುದಿ ಕಾಣುವಂತೆ ಮಾಡಿ, ಸೂಜಿಯಿಂದ ಒಳಗಿನ ದ್ರವವನ್ನು ಹೀರಿ ಚಿಪ್ಪನ್ನು ಕುಗ್ಗಿಸಲಾಗುತ್ತದೆ. ಚಿಪ್ಪಿನ ತುಣುಕುಗಳನ್ನು ಆಗಲೇ ತೆಗೆಯಲಾಗುತ್ತದೆ, ಇಲ್ಲವೇ ಅವು ಮುಂದಿನ ಕೆಲವು ದಿನಗಳಲ್ಲಿ ತಾವಾಗಿ ಬೀಳುತ್ತವೆ. ಮೊಟ್ಟೆ ಅಂಡನಾಳಕ್ಕೆ ಅಂಟಿಕೊಂಡಿದ್ದರೆ ಅಥವಾ ನಾಳ ಹರಿದಿದ್ದರೆ ಶಸ್ತ್ರಚಿಕಿತ್ಸೆಯಿಂದ ಅಂಡನಾಳವನ್ನೇ ತೆಗೆಯುವುದು ಉಳಿಯುವ ದಾರಿ. ಸಣ್ಣ ಪಕ್ಷಿಗೆ ಅದು ಗಂಡಾಂತರದ ಶಸ್ತ್ರಚಿಕಿತ್ಸೆಯೇ ಸರಿ.

ಒಂದು ಮಾದರಿ ಪ್ರಕರಣ

ಮೇಲಿನ ಸಂಗತಿಗಳು ಒಂದೇ ಪಕ್ಷಿಯಲ್ಲಿ ಹೇಗೆ ಸೇರಿಕೊಳ್ಳುತ್ತವೆ ಎಂಬುದನ್ನು ತೋರಿಸಲು ಕಲ್ಪಿತ ಉದಾಹರಣೆಯೊಂದನ್ನು ನೋಡಬಹುದು. ಎರಡು ವರ್ಷದ ಒಂಟಿ ಕಾಕಟೀಲ್, ತೂಕ 96 ಗ್ರಾಂ. ಆಹಾರ ನವಣೆ ಮತ್ತು ಸೂರ್ಯಕಾಂತಿ ಬೀಜ. ಪಂಜರ ಗಾಜಿನ ಕಿಟಕಿಯ ಪಕ್ಕದಲ್ಲಿ. ನಾಲ್ಕು ತಿಂಗಳ ಹಿಂದೆ ಒಂದು ಸರದಿ ಮೊಟ್ಟೆ ಇಟ್ಟಿತ್ತು, ಮನೆಯವರು ಪ್ರತಿ ಮೊಟ್ಟೆಯನ್ನೂ ಆಗಿಂದಾಗ್ಗೆ ತೆಗೆದುಹಾಕಿದ್ದರು. ಈ ಬಾರಿ ಸೋಮವಾರ, ಬುಧವಾರ, ಶುಕ್ರವಾರ ಒಂದೊಂದು ಮೊಟ್ಟೆ ಬಂದಿತು. ಶುಕ್ರವಾರದ ಮೊಟ್ಟೆಯ ಚಿಪ್ಪು ಒರಟಾಗಿ, ಬೆರಳಿಗೆ ತಗ್ಗುವಷ್ಟು ತೆಳುವಾಗಿತ್ತು. ಸಂಗ್ರಹ ಮುಗಿಯುತ್ತ ಬಂದಿದೆ ಎಂಬ ಎಚ್ಚರಿಕೆ ಅಲ್ಲಿಯೇ ಸಿಕ್ಕಿತ್ತು, ಯಾರೂ ಗಮನಿಸಲಿಲ್ಲ.

ಭಾನುವಾರ ಮೊಟ್ಟೆ ಬರಲಿಲ್ಲ. ಪಕ್ಷಿ ತಿನ್ನುತ್ತಿತ್ತು. ಸೋಮವಾರ ಬೆಳಿಗ್ಗೆ ಏಳಕ್ಕೆ ಅದು ಪಂಜರದ ತಳದಲ್ಲಿ ಉಬ್ಬಿಕೊಂಡು ಕುಳಿತಿತ್ತು. ರಾತ್ರಿಯಿಂದ ಹಿಕ್ಕೆ ಬಿದ್ದಿರಲಿಲ್ಲ. ಹನ್ನೊಂದರ ಹೊತ್ತಿಗೆ ಎಡಗಾಲು ಊರಲಾಗದೆ ಹಿಂದಕ್ಕೆ ಎಳೆಯತೊಡಗಿತು. ವೈದ್ಯರ ಬಳಿ ಕ್ಷ-ಕಿರಣ ಚಿತ್ರದಲ್ಲಿ ತೆಳುಚಿಪ್ಪಿನ ಒಂದು ಮೊಟ್ಟೆ ಕಂಡಿತು, ತೊಡೆಮೂಳೆಗಳು ಪೇಲವವಾಗಿದ್ದವು. ಪಕ್ಷಿ ಬೆಚ್ಚಗಾದ ನಂತರ ತೆಗೆದ ರಕ್ತದಲ್ಲಿ ಒಟ್ಟು ಕ್ಯಾಲ್ಸಿಯಂ 9.5 ಮಿಲಿಗ್ರಾಂ. ಮೊಟ್ಟೆ ಹೊತ್ತ ಪಕ್ಷಿಗೆ ಅದು ಕಡಿಮೆಯೇ.

ಕ್ಯಾಲ್ಸಿಯಂ ಗ್ಲುಕೋನೇಟ್‌ನ ಪ್ರಮಾಣ ದೇಹತೂಕದ ಪ್ರತಿ ಕಿಲೋಗ್ರಾಂಗೆ 50ರಿಂದ 100 ಮಿಲಿಗ್ರಾಂ. ಕೆಳಗಿನ ಮಿತಿಯನ್ನು ತೆಗೆದುಕೊಂಡರೆ 96 ಗ್ರಾಂ ಪಕ್ಷಿಗೆ ಬೇಕಾದದ್ದು 4.8 ಮಿಲಿಗ್ರಾಂ. ಶೇಕಡ 10ರ ದ್ರಾವಣದಲ್ಲಿ ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆಯಾಗಿ, ಅದು 0.05 ಮಿಲಿಲೀಟರಿಗೂ ಕಡಿಮೆ, ಅಂದರೆ ಸುಮಾರು ಒಂದು ಹನಿ. ಅದನ್ನೂ ತೆಳುವಾಗಿಸಿಯೇ ಸ್ನಾಯುವಿಗೆ ಚುಚ್ಚಬೇಕು, ಇಲ್ಲದಿದ್ದರೆ ಆ ಜಾಗದ ಮಾಂಸ ಕೊಳೆಯಬಹುದು. ಹೆಚ್ಚಾಗಿ ರಕ್ತಕ್ಕೆ ಸೇರಿದರೆ ಹೃದಯದ ಬಡಿತ ತಪ್ಪುತ್ತದೆ. ಮನೆಯಲ್ಲಿ ಚುಚ್ಚುಮದ್ದು ಕೊಡಬಾರದೆನ್ನಲು ಈ ಲೆಕ್ಕವೇ ಸಾಕು.

ಮಧ್ಯಾಹ್ನ ಒಂದಕ್ಕೆ ಕ್ಯಾಲ್ಸಿಯಂ, ನೋವುಶಾಮಕ ಮತ್ತು ದ್ರಾವಣ ಕೊಟ್ಟು 30 ಡಿಗ್ರಿಯ ಪೆಟ್ಟಿಗೆಯಲ್ಲಿ ಇಡಲಾಯಿತು. ನಾಲ್ಕಕ್ಕೆ ಪಕ್ಷಿ ಕಣ್ಣುಬಿಟ್ಟು ತುಸು ಗೆಲುವಾಗಿದ್ದರೂ ಮೊಟ್ಟೆ ಬಂದಿರಲಿಲ್ಲ. ಚಿತ್ರದಲ್ಲಿ ತಡೆ ಕಾಣದಿದ್ದುದರಿಂದ ಲೇಪ ಹಚ್ಚಲಾಯಿತು. ಐದೂವರೆಗೆ ಮೊಟ್ಟೆ ಹೊರಬಿತ್ತು, ಅದರ ಬೆನ್ನಿಗೆ ಕಟ್ಟಿಕೊಂಡಿದ್ದ ಹಿಕ್ಕೆಯೂ ಬಿತ್ತು. ಕಾಲಿನ ಸ್ವಾಧೀನ ಮರಳಲು ನಾಲ್ಕು ದಿನ ಬೇಕಾಯಿತು. ಇದೇ ಪಕ್ಷಿ ನಾಲ್ಕರ ಹೊತ್ತಿಗೆ ಬಾಯಿ ತೆರೆದು ಉಸಿರಾಡುತ್ತಿದ್ದರೆ ಲೇಪದ ಫಲಕ್ಕಾಗಿ ಕಾಯದೆ ಸೂಜಿಯ ವಿಧಾನಕ್ಕೆ ಹೋಗಬೇಕಾಗುತ್ತಿತ್ತು.

ಮರುಕಳಿಸದಂತೆ ತಡೆ

ಒಮ್ಮೆ ಮೊಟ್ಟೆ ಸಿಲುಕಿದ ಪಕ್ಷಿಯಲ್ಲಿ ಅದು ಮತ್ತೆ ಆಗುವ ಸಂಭವ ಹೆಚ್ಚು. ಮುಂದಿನ ಮೊಟ್ಟೆ ಎರಡೇ ದಿನಗಳಲ್ಲಿ ತಯಾರಾಗಬಹುದಾದ್ದರಿಂದ ಮೊದಲ ಕೆಲಸ ಮೊಟ್ಟೆಯಿಡುವುದನ್ನೇ ನಿಲ್ಲಿಸುವುದು. ಬೆಳಕಿನ ಅವಧಿಯನ್ನು ದಿನಕ್ಕೆ 8ರಿಂದ 10 ಗಂಟೆಗೆ ಇಳಿಸಿ ಉಳಿದ ಹೊತ್ತು ಪಂಜರವನ್ನು ಕತ್ತಲೆಯಲ್ಲಿಡಲಾಗುತ್ತದೆ. ಗೂಡುಪೆಟ್ಟಿಗೆ, ಮಡಕೆ, ಕನ್ನಡಿ, ನುಸುಳಿ ಕೂರಬಹುದಾದ ಮೂಲೆಗಳನ್ನು ತೆಗೆಯಬೇಕು. ಬೆನ್ನು ನೇವರಿಸುವುದು ಪಕ್ಷಿಗೆ ಜೋಡಿಯ ಸ್ಪರ್ಶದಂತೆ ಭಾಸವಾಗುವುದರಿಂದ ಅದನ್ನು ಬಿಡಬೇಕು. ಇಟ್ಟ ಮೊಟ್ಟೆಗಳನ್ನು ಕೂಡಲೇ ತೆಗೆಯುವುದು ಸ್ವಚ್ಛತೆಯ ದೃಷ್ಟಿಯಿಂದ ಸರಿಯೆನಿಸಿದರೂ, ಕಳೆದುಹೋದದ್ದನ್ನು ತುಂಬಿಕೊಳ್ಳಲು ಪಕ್ಷಿ ಮತ್ತೆ ಮತ್ತೆ ಇಡುತ್ತದೆ. ಪಕ್ಷಿಗೆ ತಾನಾಗಿ ಆಸಕ್ತಿ ಹೋಗುವವರೆಗೆ, ಸಾಮಾನ್ಯವಾಗಿ ಮೂರು ವಾರಗಳಷ್ಟು ಕಾಲ, ಅವನ್ನು ಅಥವಾ ನಕಲಿ ಮೊಟ್ಟೆಗಳನ್ನು ಹಾಗೆಯೇ ಬಿಡುವುದು ಉತ್ತಮ. ಇಷ್ಟಕ್ಕೂ ನಿಲ್ಲದಿದ್ದರೆ ಲ್ಯೂಪ್ರೊಲೈಡ್ ಚುಚ್ಚುಮದ್ದು ಅಥವಾ ಚರ್ಮದಡಿಯ ಡೆಸ್ಲೊರೆಲಿನ್ ಗುಳಿಗೆಯಿಂದ ಕೆಲವು ಕಾಲ ಅಂಡೋತ್ಪತ್ತಿಯನ್ನು ತಡೆಯುವ ಕ್ರಮವಿದೆ.

ಆಹಾರವನ್ನು ಕಾಳಿನಿಂದ ಸಮತೋಲಿತ ಗುಳಿಗೆ ಆಹಾರಕ್ಕೆ ನಿಧಾನವಾಗಿ ಬದಲಿಸಬೇಕು. ಜೊತೆಗೆ ನುಗ್ಗೆಸೊಪ್ಪು, ಬೇಯಿಸಿದ ಕೋಳಿಮೊಟ್ಟೆಯ ಪುಡಿಮಾಡಿದ ಚಿಪ್ಪು, ಗ್ರಂಧಿಗೆ ಅಂಗಡಿಯವರು ಸಮುದ್ರಫೇನ ಎಂದು ಕರೆಯುವ ಕಟಲ್‌ಬೋನ್ ಇವು ಸುಲಭವಾಗಿ ದೊರೆಯುವ ಕ್ಯಾಲ್ಸಿಯಂ ಮೂಲಗಳು. ಪಾಲಕ್ ಸೊಪ್ಪಿನ ಆಕ್ಸಲೇಟ್ ಅಂಶ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದ ಈ ಉದ್ದೇಶಕ್ಕೆ ಅದು ತಕ್ಕದ್ದಲ್ಲ. ಕಟಲ್‌ಬೋನ್ ಪಂಜರದಲ್ಲಿ ತೂಗುತ್ತಿದ್ದ ಮಾತ್ರಕ್ಕೆ ಪಕ್ಷಿ ಅದನ್ನು ತಿನ್ನುತ್ತಿದೆ ಎಂದಲ್ಲ. ಎಷ್ಟೋ ಪಕ್ಷಿಗಳು ಅದನ್ನು ಕೊಕ್ಕು ಉಜ್ಜಲು ಮಾತ್ರ ಬಳಸುತ್ತವೆ. ವಾರಕ್ಕೆ ಕೆಲವು ದಿನ, ಬೆಳಗಿನ ಎಳೆಬಿಸಿಲು ಸ್ವಲ್ಪ ಏರಿದ ಮೇಲೆ, ಅರ್ಧಭಾಗ ನೆರಳಿರುವಂತೆ ಪಂಜರವನ್ನು ಹೊರಗಿಟ್ಟು ಬೆಕ್ಕು ಕಾಗೆಗಳಿಂದ ಕಾಯುತ್ತ ಅರ್ಧ ಗಂಟೆ ಬಿಡುವುದರಿಂದ ಡಿ3 ಜೀವಸತ್ವದ ಅಗತ್ಯ ಬಹುಮಟ್ಟಿಗೆ ಪೂರೈಸುತ್ತದೆ. ಗುಳಿಗೆ ಆಹಾರವನ್ನೇ ತಿನ್ನುವ ಪಕ್ಷಿಗೆ ಅದರ ಮೇಲೆ ಕ್ಯಾಲ್ಸಿಯಂ-ಡಿ3 ದ್ರಾವಣವನ್ನು ವರ್ಷವಿಡೀ ಕೊಡುವುದು ಸಲ್ಲದು. ಹೆಚ್ಚಾದ ಡಿ3 ಕ್ಯಾಲ್ಸಿಯಂ ಅನ್ನು ಮೂತ್ರಪಿಂಡಗಳಲ್ಲಿ ಶೇಖರಿಸಿ ಅವುಗಳನ್ನು ಕೆಡಿಸುತ್ತದೆ. ಇಂತಹ ಪೂರಕವನ್ನು ಮೊಟ್ಟೆಯಿಡುವ ಕಾಲಕ್ಕೆ, ಪಕ್ಷಿಯ ತೂಕಕ್ಕೆ ತಕ್ಕಂತೆ ವೈದ್ಯರು ಗೊತ್ತುಮಾಡಿದ ಪ್ರಮಾಣದಲ್ಲಿ ಮಾತ್ರ ಬಳಸಲಾಗುತ್ತದೆ.